“ಯಾಕ್ ಸಾರ್ ಇಷ್ಟೊಂದು ಕಾಗದ?”

“ಸಾರ್, ಬಿಲ್ಲು ಒಂದು ಲಕ್ಷದ ಹದಿನೆಂಟು ಸಾವಿರದ್ದು. ಅಕೌಂಟಿಗೆ ಬಿದ್ದಿರೋದು ತೊಂಬತ್ತೆಂಟು ಸಾವಿರ. ಮಿಕ್ಕ ಇಪ್ಪತ್ತು ಸಾವಿರ ಎಲ್ಲಿ ಹೋಯ್ತು?”

ಫೋನ್ ಮಾಡಿದವರು ಪೀಣ್ಯದಲ್ಲಿ ಸಣ್ಣದೊಂದು ವರ್ಕ್‌ಶಾಪ್ ನಡೆಸುವವರು. ತುಮಕೂರಿನ ಆಚೆ ಇರುವ ನಮ್ಮ ಕಾರ್ಖಾನೆಯಲ್ಲಿ ಕನ್ವೇಯರ್ ರೋಲರ್‌ಗಳು ಕೆಟ್ಟಾಗ ಒಯ್ದು, ಬೇರಿಂಗ್ ಬದಲಿಸಿ, ಸರಿಮಾಡಿ ತಂದುಕೊಟ್ಟಿದ್ದರು. ಅಚ್ಚುಕಟ್ಟಾದ ಕೆಲಸ. ರಿಪೇರಿ ಕೂಲಿ 1,00,000 ರೂಪಾಯಿ, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 18,000. ನಾವು ಒಂದು ಲಕ್ಷದ ಮೇಲೆ ಶೇ. 1ರಷ್ಟು, ಅಂದರೆ 1,000 ರೂಪಾಯಿ ಟಿಡಿಎಸ್ ಹಿಡಿದು 1,17,000 ಕೊಡಬೇಕಿತ್ತು. ಆದರೆ ಅವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿರಲಿಲ್ಲ. ಹಾಗೆ ನಿಷ್ಕ್ರಿಯವಾದ ಪ್ಯಾನ್ ತೆರಿಗೆ ಇಲಾಖೆಯ ಕಣ್ಣಿಗೆ ಇಲ್ಲದ ಪ್ಯಾನ್‌ಗೆ ಸಮ. ಆಗ ಹಿಡಿಯಬೇಕಾದ ತೆರಿಗೆ ಶೇ. 20. ಸಾವಿರದ ಜಾಗದಲ್ಲಿ ಇಪ್ಪತ್ತು ಸಾವಿರ ಹೋಗಿತ್ತು.

ಕೆಲಸ ಕೊಡುವ ಮೊದಲೇ ನಾನು ಅವರಿಗೆ ಮೇಲ್ ಕಳಿಸಿ ಪ್ಯಾನ್ ಪ್ರತಿ ಕೇಳಿದ್ದೆ. ಅವರೂ ಕಳಿಸಿದ್ದರು. ತಪ್ಪು ಎಲ್ಲಾಯಿತು ಎಂದು ನೋಡಲು ನನ್ನ ಹಳೆಯ ಮೇಲ್ ತೆರೆದೆ. “ಕೆಳಕಂಡ ದಾಖಲೆಗಳನ್ನು ಕೂಡಲೇ ಸಲ್ಲಿಸತಕ್ಕದ್ದು” ಎಂಬ ಒಂದು ವಾಕ್ಯ, ಅದರ ಕೆಳಗೆ ಹನ್ನೊಂದು ಹೆಸರುಗಳ ಪಟ್ಟಿ. ಪ್ಯಾನ್ ಯಾಕೆ ಬೇಕು, ಅದು ಹೇಗಿರಬೇಕು ಎಂದು ಎಲ್ಲೂ ಇರಲಿಲ್ಲ. ಅವರು ಕೇಳಿದ್ದನ್ನು ಕೊಟ್ಟಿದ್ದರು, ನಾನು ಬಂದದ್ದನ್ನು ಫೈಲಿಗೆ ಹಾಕಿದ್ದೆ. ಆ ಕಾರ್ಡ್‌ನಿಂದ ಮುಂದೆ ಏನಾಗಬೇಕು ಎಂಬುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಹೊಸಬರೊಬ್ಬರು ಕಂಪನಿಗೆ ಸರಕನ್ನೋ ಸೇವೆಯನ್ನೋ ಕೊಡಲು ಬಂದಾಗ ಅವರ ದಾಖಲೆ ಪಡೆದು, ಪರಿಶೀಲಿಸಿ, ಕಂಪ್ಯೂಟರಿನಲ್ಲಿ ಖಾತೆ ತೆರೆಯುವುದನ್ನು ನಮ್ಮಲ್ಲಿ ವೆಂಡರ್ ಸೇರ್ಪಡೆ ಎನ್ನುತ್ತೇವೆ. ಖಾತೆ ತೆರೆಯದೆ ಪರ್ಚೇಸ್ ಆರ್ಡರ್ ಇಲ್ಲ, ಆರ್ಡರ್ ಇಲ್ಲದೆ ಬಿಲ್ ಪಾಸಾಗುವುದಿಲ್ಲ. ಹೆಚ್ಚಿನ ಕಡೆ ಈ ಕೆಲಸ ಮೇಲ್ ಮೂಲಕವೇ ನಡೆಯುತ್ತದೆ. ಆ ಇಪ್ಪತ್ತು ಸಾವಿರದ ಫೋನ್ ಬಂದ ಮೇಲೆ ನಾನು ಮೇಲ್ ಬದಲಿಸಿದೆ. ಹನ್ನೊಂದು ಕಾಗದ ನಾಲ್ಕಾದವು. ಪ್ರತಿಯೊಂದರ ಮುಂದೆ ಎರಡು ಸಾಲು: ಇದು ಯಾಕೆ ಬೇಕು, ಇಲ್ಲದಿದ್ದರೆ ಏನಾಗುತ್ತದೆ. ಆ ನಾಲ್ಕನ್ನು ಒಂದೊಂದಾಗಿ ನೋಡೋಣ.

ಪ್ಯಾನ್

ಕೂಲಿ, ಗುತ್ತಿಗೆಯಂಥ ಕೆಲಸಕ್ಕೆ ಒಂದು ಬಿಲ್ 30,000 ರೂಪಾಯಿ ದಾಟಿದರೆ, ಅಥವಾ ವರ್ಷದ ಮೊತ್ತ 1,00,000 ದಾಟಿದರೆ, ಹಣ ಕೊಡುವವರು ಅದರಲ್ಲಿ ಸ್ವಲ್ಪ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದೇ ಟಿಡಿಎಸ್. ಒಬ್ಬರೇ ಮಾಲೀಕರ ಸಂಸ್ಥೆಯಾದರೆ ಶೇ. 1, ಪಾಲುದಾರಿಕೆ ಅಥವಾ ಕಂಪನಿಯಾದರೆ ಶೇ. 2. ಯಾವುದು ಎಂಬುದನ್ನು ಪ್ಯಾನ್‌ನ ನಾಲ್ಕನೇ ಅಕ್ಷರವೇ ಹೇಳುತ್ತದೆ. ಪಿ ಇದ್ದರೆ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ, ಸಿ ಇದ್ದರೆ ಕಂಪನಿ. ಹಿಡಿದ ಹಣ ಅದೇ ಪ್ಯಾನ್ ಲೆಕ್ಕಕ್ಕೆ ಜಮೆಯಾಗುತ್ತದೆ. ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪಿದರೆ ಅವರ ಬೆವರಿನ ಹಣ ಇನ್ನಾರದೋ ಹೆಸರಿಗೆ ಹೋಗಬಹುದು.

ಈಗ ನಮ್ಮ ಮೇಲ್‌ನಲ್ಲಿ ಹೀಗಿದೆ: “ನಿಮ್ಮ ಬಿಲ್ಲಿನಿಂದ ಹಿಡಿಯುವ ಟಿಡಿಎಸ್ ನಿಮ್ಮ ಹೆಸರಿಗೇ ಜಮೆಯಾಗಲು ಪ್ಯಾನ್ ಬೇಕು. ಆಧಾರ್ ಜೋಡಣೆಯಾಗದಿದ್ದರೆ ಒಂದು ಲಕ್ಷಕ್ಕೆ 1,000 ಬದಲು 20,000 ಹಿಡಿಯಬೇಕಾಗುತ್ತದೆ. ಆದಾಯ ತೆರಿಗೆ ಪೋರ್ಟಲ್‌ನ ಮೊದಲ ಪುಟದಲ್ಲಿ Link Aadhaar Status ಒತ್ತಿ, ಜೋಡಣೆಯಾಗಿದೆಯೇ ಎಂದು ನೀವೇ ನೋಡಿಕೊಳ್ಳಿ. ಆಧಾರ್ ಸಂಖ್ಯೆಯನ್ನು ನಮಗೆ ಕಳಿಸುವುದು ಬೇಡ.”

ಈ ಸಾಲು ಓದಿದವರಲ್ಲಿ ಕೆಲವರು ಪ್ಯಾನ್ ಕಳಿಸುವ ಮೊದಲೇ ಫೋನ್ ಮಾಡುತ್ತಾರೆ: “ಜೋಡಣೆ ಆಗಿಲ್ಲ ಸಾರ್, ಒಂದಿಷ್ಟು ದಿನ ಟೈಮ್ ಕೊಡಿ.” ಬಿಲ್ ಬಂದ ಮೇಲೆ ಗೊತ್ತಾಗುತ್ತಿದ್ದ ತೊಂದರೆ ಈಗ ಆರ್ಡರ್ ಕೊಡುವ ಮೊದಲೇ ಗೊತ್ತಾಗುತ್ತದೆ.

ಜಿಎಸ್‌ಟಿ ಸರ್ಟಿಫಿಕೇಟ್

ಜಿಎಸ್‌ಟಿ ಸಂಖ್ಯೆಗೆ ಹದಿನೈದು ಅಂಕಿ-ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಆ ವ್ಯಾಪಾರಿಯ ಪ್ಯಾನ್. ಹಾಗಾಗಿ ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದೆ. ಮೂರರಿಂದ ಹನ್ನೆರಡನೆಯವರೆಗಿನ ಅಕ್ಷರಗಳು ಪ್ಯಾನ್‌ಗೆ ಹೊಂದದಿದ್ದರೆ, ಒಂದೋ ಟೈಪ್ ಮಾಡುವಾಗ ತಪ್ಪಾಗಿದೆ, ಇಲ್ಲವೇ ಬಿಲ್ ಕೊಡುತ್ತಿರುವವರು ಒಬ್ಬರು, ನೋಂದಣಿ ಇರುವುದು ಇನ್ನೊಬ್ಬರ ಹೆಸರಲ್ಲಿ. ಎರಡನೆಯದಾದರೆ ಅಲ್ಲಿಗೇ ನಿಲ್ಲಿಸಿ ವಿಚಾರಿಸಬೇಕು.

ಸಂಖ್ಯೆ ಬಿಲ್ಲಿನಲ್ಲೇ ಇರುತ್ತದಲ್ಲ, ಸರ್ಟಿಫಿಕೇಟ್ ಯಾಕೆ ಎಂದು ವರ್ಕ್‌ಶಾಪಿನ ಯಜಮಾನರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನೋಂದಣಿ ಇವತ್ತು ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ ಎಂಬುದನ್ನು ನಾವೇ ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡುತ್ತೇವೆ. ಅದಕ್ಕೆ ಕಾಗದ ಬೇಡ. ಕಾಗದ ಬೇಕಾಗುವುದು ಹೆಸರಿಗಾಗಿ. ಒಬ್ಬರೇ ಮಾಲೀಕರ ಸಂಸ್ಥೆಯಲ್ಲಿ ಎರಡು ಹೆಸರು ಓಡಾಡುತ್ತವೆ: ಬೋರ್ಡಿನ ಮೇಲಿರುವ ಅಂಗಡಿಯ ಹೆಸರು, ಪ್ಯಾನ್‌ನಲ್ಲಿರುವ ಮಾಲೀಕರ ಹೆಸರು. ಸರ್ಟಿಫಿಕೇಟಿನ ಮೊದಲ ಪುಟದಲ್ಲಿ ಎರಡೂ ಇರುತ್ತವೆ, ಅನುಬಂಧದಲ್ಲಿ ಮಾಲೀಕರ ವಿವರವೂ ಇರುತ್ತದೆ. ಈ ಎರಡು ಹೆಸರು ಒಬ್ಬರದೇ ಎಂದು ಹೇಳುವ ಕಾಗದ ಅದು. ಆದರೆ ಬಹುತೇಕರು ಮೊದಲ ಪುಟದ ಫೋಟೋ ಮಾತ್ರ ಕಳಿಸುತ್ತಾರೆ. ಅನುಬಂಧ ಯಾಕೆ ಬೇಕೆಂದು ಗೊತ್ತಿಲ್ಲದವರು ಅದನ್ನು ಕಳಿಸುವುದಾದರೂ ಯಾಕೆ?

ಅದಕ್ಕೇ ಈಗಿನ ಸಾಲು: “ನೀವು ಹಾಕುವ 18,000 ಜಿಎಸ್‌ಟಿಯನ್ನು ನಾವು ನಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬೇಕು. ಅದಕ್ಕೆ ನಿಮ್ಮ ನೋಂದಣಿ ಚಾಲ್ತಿಯಲ್ಲಿರಬೇಕು, ಬಿಲ್ ನಿಮ್ಮ ರಿಟರ್ನ್‌ನಲ್ಲಿ ನಮ್ಮ ಸಂಖ್ಯೆಯೊಂದಿಗೆ ಸೇರಬೇಕು. ಅಂಗಡಿಯ ಹೆಸರು, ಮಾಲೀಕರ ಹೆಸರು ಎರಡೂ ಕಾಣುವಂತೆ ಅನುಬಂಧ ಸಹಿತ ಎಲ್ಲ ಪುಟ ಕಳಿಸಿ. ನಮ್ಮ ಸರ್ಟಿಫಿಕೇಟ್ ಇದರೊಂದಿಗಿದೆ, ಬಿಲ್‌ನಲ್ಲಿ ಅದೇ ಹೆಸರು, ವಿಳಾಸ, ಸಂಖ್ಯೆ ಹಾಕಿ.”

ಕೊನೆಯ ವಾಕ್ಯವನ್ನು ಬಹಳ ಕಂಪನಿಗಳು ಮರೆಯುತ್ತವೆ. ವೆಂಡರ್ ತಮ್ಮ ರಿಟರ್ನ್‌ನಲ್ಲಿ ನಮ್ಮ ಸಂಖ್ಯೆಯನ್ನು ತಪ್ಪಾಗಿ ನಮೂದಿಸಿದರೆ ಆ 18,000 ನಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಕಾಣದಿದ್ದರೆ ವಜಾ ಇಲ್ಲ. ಎದುರಿನವರಿಂದ ಹತ್ತು ಕಾಗದ ಕೇಳುವ ನಾವು ನಮ್ಮದೊಂದನ್ನು ಕೊಡದಿದ್ದರೆ ನಷ್ಟ ನಮಗೇ.

ಜಿಎಸ್‌ಟಿ ಇಲ್ಲದ ಸಣ್ಣವರೂ ಇರುತ್ತಾರೆ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಅಂಥವರಿಂದ ಇಲ್ಲದ ಸರ್ಟಿಫಿಕೇಟ್‌ಗಾಗಿ ಮೂರು ಸಲ ಜ್ಞಾಪನೆ ಕಳಿಸುವುದು ಹಿಂಸೆ. “ನೋಂದಣಿ ಇಲ್ಲ, ವಹಿವಾಟು ಮಿತಿಯೊಳಗಿದೆ” ಎಂದು ಸಹಿ ಮಾಡಿದ ಒಂದು ಪತ್ರ ಸಾಕು, ಬಿಲ್‌ನಲ್ಲಿ ಜಿಎಸ್‌ಟಿ ಹಾಕಬಾರದು ಎಂದು ಮೇಲ್‌ನಲ್ಲೇ ಹೇಳಿಬಿಡುತ್ತೇವೆ.

ಕ್ಯಾನ್ಸಲ್ ಮಾಡಿದ ಚೆಕ್

ಜನ ಅತಿ ಹೆಚ್ಚು ಹಿಂಜರಿಯುವುದು ಇದಕ್ಕೆ. “ಚೆಕ್ ಯಾಕೆ ಸಾರ್, ನಂಬರ್ ಹೇಳ್ತೀನಿ ಬರ್ಕೊಳಿ” ಎನ್ನುತ್ತಾರೆ. ಹಣ ವರ್ಗಾವಣೆಯಾಗುವುದು ಖಾತೆ ಸಂಖ್ಯೆ ನೋಡಿ. ಅದರಲ್ಲಿ ಒಂದು ಅಂಕಿ ಹಿಂದುಮುಂದಾಗಿ ಬೇರೊಬ್ಬರ ಖಾತೆಗೆ ಹೊಂದಿಬಿಟ್ಟರೆ ಹಣ ಅಲ್ಲಿಗೆ ಹೋಗುತ್ತದೆ, ವಾಪಸ್ ತರಿಸುವುದು ದೊಡ್ಡ ಪಾಡು. ಹಣ ಕಳಿಸುವ ಮೊದಲು ಖಾತೆದಾರರ ಹೆಸರು ಪರದೆಯಲ್ಲಿ ನೋಡುವ ಸೌಲಭ್ಯವನ್ನು ರಿಸರ್ವ್ ಬ್ಯಾಂಕ್ 2025ರಿಂದ ಆರ್‌ಟಿಜಿಎಸ್, ನೆಫ್ಟ್‌ಗಳಿಗೂ ತಂದಿದೆ. ಆದರೂ ಪರದೆಯ ಹೆಸರನ್ನು ಹೋಲಿಸಿ ನೋಡಲು ಒಂದು ಅಚ್ಚಾದ ಹೆಸರು ನಮ್ಮ ಬಳಿ ಇರಬೇಕಲ್ಲ.

ವರ್ಕ್‌ಶಾಪಿನ ಯಜಮಾನರ ಚೆಕ್‌ನಲ್ಲಿ ಇನ್ನೊಂದು ತೊಡಕಿತ್ತು. ಅವರು ಕಳಿಸಿದ್ದು ಡ್ರಾಯರಿನ ಮೂಲೆಯಲ್ಲಿ ಉಳಿದಿದ್ದ ಸಿಂಡಿಕೇಟ್ ಬ್ಯಾಂಕಿನ ಹಳೆಯ ಹಾಳೆ. ಹೇಗೂ ರದ್ದು ಮಾಡುವ ಚೆಕ್ ತಾನೇ, ಹೊಸದನ್ನು ಯಾಕೆ ಹಾಳು ಮಾಡುವುದು ಎಂಬುದು ಅವರ ಲೆಕ್ಕಾಚಾರ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಅದರ SYNB ಎಂದು ಶುರುವಾಗುವ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಿಂತವು. ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕುಗಳೂ ಹೀಗೆಯೇ ವಿಲೀನವಾದವು. ಕರಾವಳಿಯಲ್ಲಿ ಹುಟ್ಟಿದ ಈ ಮೂರೂ ಬ್ಯಾಂಕುಗಳಲ್ಲಿ ಖಾತೆ ಇಟ್ಟ ಸಣ್ಣ ಉದ್ಯಮಿಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು, ಹಾಗಾಗಿ ಹಳೆಯ ಹಾಳೆಗಳು ಇನ್ನೂ ಬರುತ್ತಲೇ ಇರುತ್ತವೆ.

ಈಗಿನ ಸಾಲು: “ಹಣ ನಿಮ್ಮ ಖಾತೆಗೇ ಸೇರಲು ಮೂರು ವಿಷಯ ಅಚ್ಚಿನಲ್ಲಿ ಬೇಕು: ಖಾತೆದಾರರ ಹೆಸರು, ಖಾತೆ ಸಂಖ್ಯೆ, ಈಗಿನ ಐಎಫ್‌ಎಸ್‌ಸಿ. ಚೆಕ್ ಮೇಲೆ ಅಡ್ಡಲಾಗಿ CANCELLED ಎಂದು ಬರೆಯಿರಿ, ಸಹಿ ಮಾಡಬೇಡಿ. ಬ್ಯಾಂಕ್ ವಿಲೀನಕ್ಕೆ ಮುಂಚಿನ ಚೆಕ್ ಬೇಡ. ಚೆಕ್ ಮೇಲೆ ಹೆಸರು ಅಚ್ಚಾಗಿಲ್ಲದಿದ್ದರೆ ಪಾಸ್‌ಬುಕ್ಕಿನ ಮೊದಲ ಪುಟ ಅಥವಾ ಸ್ಟೇಟ್‌ಮೆಂಟಿನ ಮೇಲ್ಭಾಗ ಸಾಕು, ವಹಿವಾಟಿನ ಸಾಲುಗಳನ್ನು ಮುಚ್ಚಿ ಕಳಿಸಿ.”

ಕಾರಣ ಬರೆದದ್ದರ ಪ್ರಯೋಜನ ಇಲ್ಲಿ ಚೆನ್ನಾಗಿ ಕಾಣುತ್ತದೆ. ನಮಗೆ ಬೇಕಾದದ್ದು ಮೂರು ವಿಷಯ ಎಂದು ತಿಳಿದ ಮೇಲೆ ಯಾವ ಕಾಗದದಲ್ಲಿ ಅವು ಸಿಗುತ್ತವೆ ಎಂದು ಅವರೇ ಯೋಚಿಸುತ್ತಾರೆ. ಉಳಿದದ್ದನ್ನು ಮುಚ್ಚಿಡುವ ಧೈರ್ಯವೂ ಬರುತ್ತದೆ.

ಉದ್ಯಮ್ ಸರ್ಟಿಫಿಕೇಟ್

ಮೊದಲ ಮೂರು ಕಾಗದ ತೆರಿಗೆಗೂ ಪಾವತಿಗೂ ಸೇರಿದವು. ನಾಲ್ಕನೆಯದು ವೆಂಡರ್‌ನ ಪರವಾಗಿ ಕೆಲಸ ಮಾಡುವ ಕಾಗದ. ವಿಚಿತ್ರವೆಂದರೆ ಅದನ್ನೇ ಕೊಡಲು ಜನ ಹೆದರುತ್ತಾರೆ, ಯಾವುದೋ ತಪಾಸಣೆಗೆ ಇರಬೇಕು ಎಂದುಕೊಳ್ಳುತ್ತಾರೆ.

ಸಣ್ಣ ಉದ್ಯಮಗಳ 2006ರ ಕಾಯಿದೆಯಂತೆ, ಉದ್ಯಮ್ ನೋಂದಣಿಯಿರುವ ಅತಿಸಣ್ಣ ಮತ್ತು ಸಣ್ಣ ಘಟಕಕ್ಕೆ, ಕೆಲಸ ಒಪ್ಪಿಕೊಂಡ ದಿನದಿಂದ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಕಾನೂನು ಬಹಳ ವರ್ಷ ಪುಸ್ತಕದಲ್ಲೇ ಮಲಗಿತ್ತು. 2023ರ ಹಣಕಾಸು ಕಾಯಿದೆ ಅದನ್ನು ಎಬ್ಬಿಸಿತು. ಅಕೌಂಟ್ಸ್‌ನವರು 43ಬಿ(ಎಚ್) ಎಂದು ಕರೆಯುವ ಆ ನಿಯಮದ ಪ್ರಕಾರ, ಗಡುವು ಮೀರಿಸಿದ ಹಣವನ್ನು ಕೊಳ್ಳುವ ಕಂಪನಿ ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು.

ನಮ್ಮ ಲೆಕ್ಕದಲ್ಲೇ ನೋಡಿ. ರೋಲರ್‌ಗಳನ್ನು ನಾವು ಫೆಬ್ರವರಿ 1ರಂದು ಒಪ್ಪಿಕೊಂಡೆವು ಎನ್ನೋಣ. ಪರ್ಚೇಸ್ ಆರ್ಡರಿನಲ್ಲಿ 45 ದಿನ ಎಂದಿದ್ದರೆ ಮಾರ್ಚ್ 18 ಗಡುವು. ಏನೂ ಬರೆದಿರದಿದ್ದರೆ ಫೆಬ್ರವರಿ 16. ಎರಡನ್ನೂ ಮೀರಿ ಏಪ್ರಿಲ್‌ನಲ್ಲಿ ಕೊಟ್ಟರೆ ಆ ಒಂದು ಲಕ್ಷ ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಖರ್ಚಿಗೆ ಸೇರುವುದಿಲ್ಲ, ಅಷ್ಟಕ್ಕೆ ನಾವು ಆ ವರ್ಷ ತೆರಿಗೆ ಕಟ್ಟಬೇಕು. ಆದ್ದರಿಂದ ಯಾರ ಬಿಲ್ ಮೊದಲು ಪಾಸ್ ಮಾಡಬೇಕು ಎಂದು ತಿಳಿಯಲು ನಮಗೆ ಈ ಕಾಗದ ಬೇಕು. ಮೇಲ್‌ನಲ್ಲಿ ಹೀಗೆಯೇ ಬರೆದಿದ್ದೇವೆ: “ಇದು ಇದ್ದರೆ ನಿಮ್ಮ ಬಿಲ್ಲಿಗೆ ಕಾನೂನಿನ ಗಡುವು ಅನ್ವಯಿಸುತ್ತದೆ. ಇಲ್ಲದಿದ್ದರೆ ‘ಇಲ್ಲ’ ಎಂದು ಒಂದು ಪದ ಬರೆಯಿರಿ, ಆರ್ಡರ್ ನಿಲ್ಲುವುದಿಲ್ಲ.”

ಒಂದು ಮಿತಿಯನ್ನೂ ಹೇಳಬೇಕು. ಸರ್ಟಿಫಿಕೇಟಿನಲ್ಲಿ ಚಟುವಟಿಕೆ ಯಾವುದೆಂದು ಇರುತ್ತದೆ: ತಯಾರಿಕೆ, ಸೇವೆ ಅಥವಾ ವ್ಯಾಪಾರ. ಕೊಂಡು ಮಾರುವ ವ್ಯಾಪಾರಿಗೆ ಉದ್ಯಮ್ ನೋಂದಣಿ ಸಿಕ್ಕಿದರೂ ಅದು ಬ್ಯಾಂಕ್ ಸಾಲದ ಆದ್ಯತೆಗಷ್ಟೆ, ಈ ಗಡುವಿನ ರಕ್ಷಣೆ ಅವರಿಗೆ ಬರುವುದಿಲ್ಲ. ಮಧ್ಯಮ ಗಾತ್ರದ ಘಟಕಕ್ಕೂ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಮಾತು ತಪ್ಪಿದವರು ನಾವಾಗುತ್ತೇವೆ.

ಪಟ್ಟಿಯಿಂದ ಬಿದ್ದ ಏಳು

ಕಾರಣ ಬರೆಯಲು ಕೂತಾಗ ನನಗೇ ಮುಜುಗರವಾದದ್ದು ಮಿಕ್ಕ ಏಳು ಕಾಗದಗಳ ಮುಂದೆ. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಯಾಕೆ ಕೇಳುತ್ತಿದ್ದೆವು? ರಿಟರ್ನ್ ಸಲ್ಲಿಸದವರಿಗೆ ಹೆಚ್ಚಿನ ದರದಲ್ಲಿ ಟಿಡಿಎಸ್ ಹಿಡಿಯಬೇಕೆಂಬ ನಿಯಮ 2021ರ ಜುಲೈನಲ್ಲಿ ಬಂದಿತ್ತು. ಆಗ ಅದು ಪಟ್ಟಿಗೆ ಸೇರಿತು. 2025ರ ಏಪ್ರಿಲ್ 1ರಿಂದ ಆ ನಿಯಮವನ್ನೇ ಕೈಬಿಡಲಾಯಿತು. ಕಾರಣ ಹೋದರೂ ಕಾಗದ ಪಟ್ಟಿಯಲ್ಲಿ ಉಳಿದಿತ್ತು, ನಾವು ಅಪರಿಚಿತರ ವರಮಾನದ ಲೆಕ್ಕವನ್ನು ಸುಮ್ಮನೆ ಕೂಡಿಡುತ್ತಿದ್ದೆವು.

ಆಧಾರ್ ಪ್ರತಿಯೂ ಹಾಗೆಯೇ. ಮಾಲೀಕರು ಯಾರೆಂದು ಪ್ಯಾನ್, ಜಿಎಸ್‌ಟಿ ಎರಡೂ ಹೇಳಿದ ಮೇಲೆ ಆಧಾರ್‌ಗೆ ಹೇಳಲು ಉಳಿದಿರಲಿಲ್ಲ. ಬಾಡಿಗೆ ಕರಾರು, ಎರಡು ಭಾವಚಿತ್ರ, ಇವೆಲ್ಲ ಯಾವ ಕಾಲದಲ್ಲಿ ಯಾರು ಸೇರಿಸಿದರೋ ಆಫೀಸಿನಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಒಬ್ಬರೇ ಮಾಲೀಕರ ಸಂಸ್ಥೆಯಲ್ಲಿ ಇಂಥ ಕಾಗದಗಳೆಲ್ಲ ಆ ವ್ಯಕ್ತಿಯ ಖಾಸಗಿ ಮಾಹಿತಿ. ಯಾವ ಉದ್ದೇಶಕ್ಕೆ ಎಂದು ತಿಳಿಸಿ ಪಡೆಯಬೇಕು, ಅಗತ್ಯದಷ್ಟೇ ಪಡೆಯಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯ ತಿರುಳು. ಎರಡು ಸಾಲಿನ ಕಾರಣ ಬರೆಯಲಾಗದ ಕಾಗದವನ್ನು ಕೇಳಬಾರದು ಎಂದು ನಾವು ನಿಯಮ ಮಾಡಿಕೊಂಡೆವು.

ಮೇಲ್‌ನ ಅಪಾಯ

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡಲೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ ಎನ್ನುತ್ತೇವೆ. ಯಾರೋ ಒಬ್ಬರ ಫೋನಿನಲ್ಲಿ ಹೂತುಹೋದ ಫೋಟೋ ಅವರು ಕೆಲಸ ಬಿಟ್ಟ ದಿನ ಅವರೊಂದಿಗೇ ಹೋಗುತ್ತದೆ. ಮೇಲ್‌ನಲ್ಲಾದರೆ ಯಾವ ದಿನ, ಯಾವ ವಿಳಾಸದಿಂದ, ಏನು ಬಂತು ಎಂಬುದು ಒಂದೇ ಎಳೆಯಲ್ಲಿರುತ್ತದೆ.

ಆದರೆ ಮೇಲ್‌ಗೇ ಒಂದು ಕಂಟಕವಿದೆ. ವೆಂಡರ್‌ನ ಮೇಲ್ ಪಾಸ್‌ವರ್ಡ್ ಕದ್ದವನು ತಿಂಗಳುಗಟ್ಟಲೆ ಸುಮ್ಮನೆ ಓದುತ್ತಾ ಕೂತು, ದೊಡ್ಡ ಬಿಲ್ ಪಾಸಾಗುವ ಹೊತ್ತಿಗೆ “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಚೆಕ್ ಲಗತ್ತಿಸಿದ್ದೇವೆ” ಎಂದು ಬರೆಯುತ್ತಾನೆ. ಭಾಷೆ ಅದೇ, ಸಹಿ ಅದೇ, ಬಿಲ್ ನಂಬರ್ ಕೂಡ ಸರಿ. ಕೆಲವೊಮ್ಮೆ ವಿಳಾಸದಲ್ಲಿ ಒಂದು ಅಕ್ಷರ ಬೇರೆಯಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಹಾಗಾಗಿ ಮೊದಲ ಮೇಲ್‌ನ ಕೊನೆಯಲ್ಲೇ ಹೀಗೆ ಬರೆದಿಟ್ಟಿದ್ದೇವೆ: “ಖಾತೆ ಬದಲಾದರೆ ಮೇಲ್ ನೋಡಿ ಮಾತ್ರ ನಾವು ಬದಲಿಸುವುದಿಲ್ಲ. ಇವತ್ತು ನೀವು ಕೊಟ್ಟ ಫೋನ್ ಸಂಖ್ಯೆಗೆ ನಾವೇ ಕರೆ ಮಾಡಿ ಕೇಳುತ್ತೇವೆ. ಸೇರ್ಪಡೆಗೆ ಶುಲ್ಕವಿಲ್ಲ, ಒಟಿಪಿ ಕೇಳುವುದಿಲ್ಲ. ಯಾರಾದರೂ ನಮ್ಮ ಹೆಸರಿನಲ್ಲಿ ಕೇಳಿದರೆ ಕೊಡಬೇಡಿ.” ಕರೆ ಮಾಡಬೇಕಾದದ್ದು ಹಳೆಯ ದಾಖಲೆಯಲ್ಲಿರುವ ಸಂಖ್ಯೆಗೆ. ಹೊಸ ಮೇಲ್‌ನಲ್ಲಿರುವ ಸಂಖ್ಯೆಗೆ ಕರೆ ಮಾಡಿದರೆ ಫೋನ್ ಎತ್ತುವವನು ಕಳ್ಳನೇ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಬಂದ ಮೇಲೆ

ಕಾಗದ ಬಂದ ಮೇಲೆ ಬರೆಯುವ ಉತ್ತರದಲ್ಲೂ ಕಾರಣ ಇರಬೇಕು. “ದಾಖಲೆಗಳು ಅಪೂರ್ಣ” ಎಂದು ಬರೆದರೆ ಎದುರಿನವರು ಅದೇ ನಾಲ್ಕನ್ನು ಮತ್ತೆ ಕಳಿಸುತ್ತಾರೆ. ವರ್ಕ್‌ಶಾಪಿನ ಯಜಮಾನರಿಗೆ ಎರಡನೇ ಸಲ ನಾನು ಬರೆದದ್ದು ಹೀಗೆ: “ನಮಸ್ಕಾರ. ಪ್ಯಾನ್, ಜಿಎಸ್‌ಟಿ, ಉದ್ಯಮ್ ಮೂರೂ ಸರಿ ಇವೆ. ಚೆಕ್ ಒಂದೇ ಬಾಕಿ. ನೀವು ಕಳಿಸಿದ್ದು ವಿಲೀನದ ಮುಂಚಿನದು, ಆ ಐಎಫ್‌ಎಸ್‌ಸಿಗೆ ಹಣ ಹೋಗುವುದಿಲ್ಲ. ಕೆನರಾ ಬ್ಯಾಂಕಿನ ಈಗಿನ ಚೆಕ್ ಕಳಿಸಿ. ಖಾತೆ ಅಂಗಡಿಯ ಹೆಸರಿನಲ್ಲಿದ್ದರೂ, ನಿಮ್ಮ ಹೆಸರಿನಲ್ಲಿದ್ದರೂ ನಡೆಯುತ್ತದೆ, ಎರಡೂ ಹೆಸರು ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿವೆ. ಮನೆಯವರ ಖಾತೆಯಾದರೆ ಆಗುವುದಿಲ್ಲ.”

ಆ ಕೊನೆಯ ವಾಕ್ಯ ಸುಮ್ಮನೆ ಬಂದದ್ದಲ್ಲ. ಹೆಂಡತಿಯ ಖಾತೆಗೆ, ಮಗನ ಖಾತೆಗೆ ಹಾಕಿ ಎನ್ನುವವರು ಇದ್ದಾರೆ. ಬಿಲ್ ಒಬ್ಬರದು, ಹಣ ಇನ್ನೊಬ್ಬರಿಗೆ ಎಂದಾದರೆ ನಾಳೆ ಆಡಿಟ್‌ನವರು ಕೇಳಿದಾಗ ನಮ್ಮಲ್ಲಿ ಉತ್ತರವಿರುವುದಿಲ್ಲ, ಹಣ ತಲುಪಿಲ್ಲ ಎಂದು ಬಿಲ್ ಕೊಟ್ಟವರೇ ತಕರಾರು ತೆಗೆದರೂ ಉತ್ತರವಿರುವುದಿಲ್ಲ.

ಆ ಮೇಲ್‌ಗೆ ಅವರ ಉತ್ತರ ಮರುದಿನ ಮಧ್ಯಾಹ್ನದೊಳಗೆ ಬಂತು, ಸರಿಯಾದ ಚೆಕ್ ಜೊತೆಗೆ. ಹಿಂದೆ ಹೋದ ಇಪ್ಪತ್ತು ಸಾವಿರಕ್ಕಾಗಿ ಅವರು 1,000 ರೂಪಾಯಿ ಶುಲ್ಕ ಕಟ್ಟಿ ಪ್ಯಾನ್ ಜೋಡಿಸಿ, ರಿಟರ್ನ್ ಸಲ್ಲಿಸಿ ವಾಪಸ್ ಕೇಳಬೇಕಾಯಿತು. ಅಷ್ಟು ಓಡಾಟ ತಪ್ಪಿಸಲು ನಾನು ಮೊದಲ ಮೇಲ್‌ನಲ್ಲಿ ಬರೆಯಬೇಕಿದ್ದದ್ದು ಎರಡು ಸಾಲು.

ನೀವು ಕಾಗದ ಕೇಳುವ ಜಾಗದಲ್ಲಿದ್ದರೆ ಆ ಎರಡು ಸಾಲನ್ನು ಇವತ್ತೇ ಬರೆಯಿರಿ. ಕೊಡುವ ಜಾಗದಲ್ಲಿದ್ದರೆ, ಕಳಿಸುವ ಮೊದಲು “ಇದು ಯಾಕೆ ಬೇಕು?” ಎಂದು ಕೇಳಿ. ಕೇಳಿದ್ದಕ್ಕೆ ಆರ್ಡರ್ ತಪ್ಪುವುದಿಲ್ಲ. ಉತ್ತರ ಕೊಡಲಾಗದವರಿಗೆ ಆ ಕಾಗದ ಬೇಕಾಗಿಯೇ ಇಲ್ಲ.